ಮದುವೆ ಛಾಯಾಚಿತ್ರಗಳ ಟಚಿಂಗ್: ರೇಷ್ಮೆ, ಚಿನ್ನ, ಬೆವರು

ಮದುವೆಯಲ್ಲಿ ತೆಗೆದ ಚಿತ್ರಗಳನ್ನು ಆಲ್ಬಮ್‌ಗೆ ಹಾಕುವ ಮೊದಲು ಸೀರೆಯ ಬಣ್ಣವನ್ನು ನಿಜಕ್ಕೆ ಹೊಂದಿಸುವುದು, ಒಡವೆಗಳ ಮಿನುಗನ್ನು ಉಳಿಸುವುದು, ಮುಖದ ಮೇಲಿನ ಬೆವರಿನ ಹೊಳಪನ್ನು ತಗ್ಗಿಸುವುದು ಸ್ಟುಡಿಯೋಗಳ ನಿತ್ಯದ ಕೆಲಸ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪೇಟೆಗಳಲ್ಲೂ ಸಾಲಗಾಮೆಯಂತಹ ಹೋಬಳಿ ಕೇಂದ್ರಗಳಲ್ಲೂ ಇದಕ್ಕೆ ‘ಟಚಿಂಗ್’ ಅಥವಾ ‘ಟಚಪ್’ ಎನ್ನುತ್ತಾರೆ. ಬಣ್ಣವನ್ನಷ್ಟೇ ಸರಿಪಡಿಸಿದರೆ ಅದು ‘ಕಲರ್ ಕರೆಕ್ಷನ್’. ಈ ಮೂರೂ ಕೆಲಸಗಳು ಬೇರೆ ಬೇರೆ ಎಂದು ತೋರಿದರೂ ಮೂರರ ಮೂಲವೂ ಹೊಳಪು. ಒಂದೇ ದೀಪದ ಬೆಳಕು ರೇಷ್ಮೆ, ಚಿನ್ನ, ಒದ್ದೆ ಚರ್ಮಗಳಿಂದ ಬೇರೆ ಬೇರೆ ರೀತಿಯಲ್ಲಿ ಹಿಂದಿರುಗುತ್ತದೆ. ಆ ವ್ಯತ್ಯಾಸ ತಿಳಿಯದೆ ಇಡೀ ಚಿತ್ರಕ್ಕೆ ಒಂದೇ ತಿದ್ದುಪಡಿ ಹಾಕಿದರೆ ಬೆವರಿನ ಜೊತೆಗೆ ಒಡವೆಯೂ ಮಂಕಾಗುತ್ತದೆ, ಇಲ್ಲವೇ ಒಡವೆಯ ಜೊತೆಗೆ ಹಣೆಯೂ ಹೊಳೆಯುತ್ತದೆ.

ಮೂರು ಬಗೆಯ ಹೊಳಪು

ಬೆವರು ಚರ್ಮದ ಮೇಲೆ ತೆಳುವಾದ ನೀರಿನ ಪದರವಾಗಿ ಹರಡುತ್ತದೆ. ಚರ್ಮದ ಎಣ್ಣೆಯಂಶವೂ ಅದರೊಡನೆ ಸೇರಿರುತ್ತದೆ. ಈ ಪದರ ದೀಪದ ಬೆಳಕಿನ ಒಂದಂಶವನ್ನು ಚರ್ಮದೊಳಗೆ ಬಿಡದೆ ಮೇಲಿನಿಂದಲೇ ಹಿಂದಕ್ಕೆ ಕಳಿಸುತ್ತದೆ. ಹಾಗೆ ಬಂದ ಬೆಳಕಿಗೆ ಚರ್ಮದ ಬಣ್ಣ ಅಂಟಿರುವುದಿಲ್ಲ, ಅದು ದೀಪದ ಬಣ್ಣದಲ್ಲೇ ಇರುತ್ತದೆ. ಫ್ಲ್ಯಾಶ್ ಬಿಳಿಯಾಗಿದ್ದರೆ ಹಣೆಯ ಹೊಳಪೂ ಬಿಳಿ. ವೇದಿಕೆಯ ದೀಪ ನೇರಳೆಯಾಗಿದ್ದರೆ ಹೊಳಪೂ ನೇರಳೆ.

ಚಿನ್ನದ ರೀತಿಯೇ ಬೇರೆ. ಲೋಹವಾದ್ದರಿಂದ ಅದು ಹಿಂದಿರುಗಿಸುವ ಬೆಳಕಿಗೇ ಬಣ್ಣ ಬರುತ್ತದೆ. ಚಿನ್ನ ನೀಲಿ ಬೆಳಕನ್ನು ಹೀರಿ ಹಳದಿ, ಕೆಂಪನ್ನು ಹೆಚ್ಚಾಗಿ ಕಳಿಸುವುದರಿಂದ ಬಿಳಿ ದೀಪದ ಪ್ರತಿಬಿಂಬವೂ ಅದರ ಮೇಲೆ ತಿಳಿ ಹಳದಿಯಾಗಿ ಕಾಣುತ್ತದೆ. ಜೊತೆಗೆ ಹೊಳಪು ಹಾಕಿದ ಚಿನ್ನ ಸುತ್ತಲಿನದೆಲ್ಲವನ್ನೂ ಪ್ರತಿಬಿಂಬಿಸುತ್ತದೆ. ಬೆಳಕಿನ ಚುಕ್ಕೆಯ ಪಕ್ಕದಲ್ಲೇ ಕಪ್ಪು ಪ್ರತಿಬಿಂಬ ಇರುವುದರಿಂದಲೇ ಅದು ಲೋಹವೆಂದು ಕಣ್ಣಿಗೆ ಗೊತ್ತಾಗುತ್ತದೆ.

ರೇಷ್ಮೆಯಲ್ಲಿ ಎರಡೂ ಬಗೆ ಬೆರೆತಿರುತ್ತವೆ. ಹಿಪ್ಪುನೇರಳೆ ರೇಷ್ಮೆಯ ಎಳೆಯನ್ನು ಅಡ್ಡ ಸೀಳಿದರೆ ಹೆಚ್ಚು ಕಡಿಮೆ ತ್ರಿಕೋನಾಕಾರ ಕಾಣುತ್ತದೆ. ಅದರ ನುಣುಪಾದ ಮುಖಗಳು ಬೆಳಕನ್ನು ದೀಪದ ಬಣ್ಣದಲ್ಲೇ ಹಿಂದಿರುಗಿಸುತ್ತವೆ. ಎಳೆಯೊಳಗೆ ಹೊಕ್ಕು ಬಂದ ಬೆಳಕು ಬಣ್ಣವನ್ನು ಹೊತ್ತು ತರುತ್ತದೆ. ಆದ್ದರಿಂದ ನೆರಿಗೆಯ ಏಣಿನಲ್ಲಿ ತಿಳಿ ಹೊಳಪು, ಅದರ ಪಕ್ಕದಲ್ಲಿ ಗಾಢ ಬಣ್ಣ, ಮಡಿಕೆಯ ಆಳದಲ್ಲಿ ಇನ್ನೂ ಗಾಢ ನೆರಳು ಕಾಣುತ್ತದೆ. ಸೀರೆಯ ಜರಿ ಮಾತ್ರ ಲೋಹದಂತೆ ವರ್ತಿಸುತ್ತದೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಹಾಗಾಗಿ ಅದು ಒಡವೆಯ ಚಿನ್ನಕ್ಕಿಂತ ಸೌಮ್ಯವಾಗಿ ಮಿನುಗುತ್ತದೆ. ಜರಿಯನ್ನೂ ಒಡವೆಯನ್ನೂ ಒಂದೇ ಹಳದಿಗೆ ತಂದರೆ ಎರಡೂ ಕೃತಕವಾಗಿ ಕಾಣುತ್ತವೆ.

ಹಿನ್ನೆಲೆ

ಕಪ್ಪುಬಿಳುಪಿನ ಕಾಲದಲ್ಲಿ ಮುಖದ ಟಚಿಂಗ್ ನಡೆಯುತ್ತಿದ್ದುದು ನೆಗೆಟಿವ್ ಮೇಲೆ. ನೆಗೆಟಿವ್‌ನಲ್ಲಿ ಬೆಳಕು ಕಪ್ಪಾಗಿಯೂ ನೆರಳು ತಿಳಿಯಾಗಿಯೂ ಇರುವುದರಿಂದ, ಸುಕ್ಕು ಮತ್ತು ಕಲೆಗಳ ಜಾಗವನ್ನು ಚೂಪಾದ ಸೀಸದ ಕಡ್ಡಿಯಿಂದ ತುಂಬುತ್ತಿದ್ದರು. ಅತಿಯಾದ ಹೊಳಪು ನೆಗೆಟಿವ್‌ನಲ್ಲಿ ದಟ್ಟ ಕಪ್ಪು. ಅದನ್ನು ಸಣ್ಣ ಚಾಕುವಿನ ಮೊನೆಯಿಂದ ಕೆರೆದು ತೆಳುವಾಗಿಸಬೇಕಿತ್ತು. ಕೈ ಒಂದಿಷ್ಟು ಜಾರಿದರೂ ನೆಗೆಟಿವ್ ಹಾಳಾಗುತ್ತಿದ್ದುದರಿಂದ ಬೆವರಿನ ಹೊಳಪನ್ನು ತೆಗೆಯುವುದು ಸುಕ್ಕು ತೆಗೆಯುವುದಕ್ಕಿಂತ ಕಷ್ಟವಾಗಿತ್ತು. ಬಣ್ಣ ಬೇಕೆಂದವರಿಗೆ ಮುದ್ರಿತ ಚಿತ್ರದ ಮೇಲೆಯೇ ಕುಂಚದಿಂದ ಬಣ್ಣ ಹಚ್ಚಿಕೊಡುತ್ತಿದ್ದರು. ಆಗ ಸೀರೆ ಯಾವ ಬಣ್ಣದ್ದೆಂದು ಮನೆಯವರೇ ಹೇಳಬೇಕಿತ್ತು.

ಹಳೆಯ ಫಿಲ್ಮ್‌ಗಳಿಗೂ ಬಣ್ಣದ ತೊಡಕು ಇತ್ತು. ಕೆಂಪು ಬೆಳಕಿಗೆ ಸ್ಪಂದಿಸದ ಆರ್ಥೋಕ್ರೊಮ್ಯಾಟಿಕ್ ಫಲಕಗಳಲ್ಲಿ ಕುಂಕುಮ, ಕೆಂಪು ಸೀರೆಗಳು ಬಹುತೇಕ ಕಪ್ಪಾಗಿ ಬೀಳುತ್ತಿದ್ದವು. ಚರ್ಮವೂ ಇದ್ದುದಕ್ಕಿಂತ ಕಪ್ಪಾಗಿ ಕಾಣುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಬಂದ ಮೇಲೆ ಈ ದೋಷ ತಗ್ಗಿತು. ಬಣ್ಣದ ಫಿಲ್ಮಿನ ಕಾಲದಲ್ಲಿ ತಿದ್ದುಪಡಿ ಸ್ಟುಡಿಯೋದ ಕೈತಪ್ಪಿ ಕಲರ್ ಲ್ಯಾಬಿಗೆ ಹೋಯಿತು. ಲ್ಯಾಬಿನವರು ಇಡೀ ಚಿತ್ರದ ಬಣ್ಣವನ್ನು ಅತ್ತಿತ್ತ ಸರಿಸಬಲ್ಲವರಾಗಿದ್ದರು, ಸೀರೆಯೊಂದನ್ನೇ ಬೇರ್ಪಡಿಸಿ ತಿದ್ದಲಾರರು. 1990ರಲ್ಲಿ ಬಂದ ಫೋಟೊಶಾಪ್ ತಂತ್ರಾಂಶದಿಂದ ಅದೂ ಸಾಧ್ಯವಾಯಿತು. ಅದರ 2002ರ ಆವೃತ್ತಿಯಲ್ಲಿ ಬಂದ `Healing Brush` ಚರ್ಮದ ನವಿರನ್ನು ಪಕ್ಕದಿಂದ ತಂದು ಕೂಡಿಸುವ ಕೆಲಸವನ್ನು ಸುಲಭ ಮಾಡಿತು.

ಛತ್ರದ ಬೆಳಕು

ಹಾಸನದ ಸುತ್ತಿನ ಹವೆ ಬಯಲುಸೀಮೆಯಷ್ಟು ಬಿಸಿಯಲ್ಲ. ಆದರೂ ಮದುವೆಯ ಚಿತ್ರಗಳಲ್ಲಿ ಬೆವರು ಕಾಣುತ್ತದೆ. ಮದುವೆಗಳು ಆಷಾಢವನ್ನು ಬಿಟ್ಟು ನಡೆಯುತ್ತವೆ. ವೈಶಾಖದ ಮುಹೂರ್ತಗಳು ಬೇಸಿಗೆಯ ನಡುವೆಯೇ ಬೀಳುತ್ತವೆ. ಭಾರದ ಸೀರೆ, ಹೂವಿನ ಹಾರ, ಹೋಮಕುಂಡದ ಕಾವು, ವಿಡಿಯೋದವರ ದೀಪ, ಸುತ್ತ ನೆರೆದ ನೆಂಟರು ಎಲ್ಲ ಸೇರಿ ಧಾರೆಯ ಹೊತ್ತಿಗೆ ವಧೂವರರ ಹಣೆ, ಮೂಗಿನ ಏಣು, ಮೇಲ್ದುಟಿ, ಗದ್ದ ಒದ್ದೆಯಾಗುತ್ತವೆ. ಎಣ್ಣೆಗ್ರಂಥಿಗಳು ಹಣೆ ಮತ್ತು ಮೂಗಿನಲ್ಲಿ ಹೆಚ್ಚಿರುವುದರಿಂದ ಹೊಳಪೂ ಅಲ್ಲೇ ಹೆಚ್ಚು.

ಸಮಾರಂಭ ಜಾಗ ಬದಲಿಸಿದಂತೆ ಬೆಳಕೂ ಬದಲಾಗುತ್ತದೆ. ಹಳ್ಳಿಯ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರದಡಿ ನಡೆಯುವ ಶಾಸ್ತ್ರಗಳಿಗೆ ಗರಿಗಳಿಂದ ಸೋಸಿ ಬರುವ ಹಸಿರು ಛಾಯೆ ಇರುತ್ತದೆ. ಶಾಮಿಯಾನ ಕಟ್ಟಿದ್ದರೆ ಅದರ ಬಟ್ಟೆಯ ಹಳದಿಯೋ ಕೆಂಪೋ ಎಲ್ಲರ ಮುಖದ ಮೇಲೆ ಬೀಳುತ್ತದೆ. ಹಿಂದಿನ ಸಂಜೆಯ ಆರತಕ್ಷತೆಯಲ್ಲಿ ವೇದಿಕೆಯ ಬಣ್ಣದ ಎಲ್‌ಇಡಿ ದೀಪಗಳು ಗುಲಾಬಿ, ನೇರಳೆಗಳನ್ನು ಚೆಲ್ಲುತ್ತವೆ. ಬೆಳಿಗ್ಗೆಯ ಮುಹೂರ್ತದಲ್ಲಿ ಕಿಟಕಿಯ ಹಗಲು ಬೆಳಕು, ಟ್ಯೂಬ್‌ಲೈಟು, ವಿಡಿಯೋ ದೀಪ, ಕ್ಯಾಮೆರಾದ ಫ್ಲ್ಯಾಶ್ ನಾಲ್ಕೂ ಕೂಡಿರಬಹುದು. ಒಂದೇ ಧಾರೆ ಸೀರೆ ಒಂದೇ ಗಂಟೆಯಲ್ಲಿ ನಾಲ್ಕು ಬಣ್ಣವಾಗಿ ಕಾಣುವುದು ಇದರಿಂದಲೇ. ಆಲ್ಬಮ್ಮಿನ ಒಂದೇ ಹಾಳೆಯಲ್ಲಿ ಆ ನಾಲ್ಕು ಚಿತ್ರಗಳು ಅಕ್ಕಪಕ್ಕ ಬಂದಾಗ ವ್ಯತ್ಯಾಸ ಎದ್ದು ಕಾಣುತ್ತದೆ.

ಇದಕ್ಕೆ ಅಗ್ಗದ ಪರಿಹಾರ ಬೂದು ಕಾರ್ಡು. ಬೆಳಕು ಬದಲಾದಾಗಲೆಲ್ಲ ವಧುವಿನ ಪಕ್ಕದಲ್ಲಿ ಅದನ್ನು ಹಿಡಿಸಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ, ಮುಂದೆ ಕಂಪ್ಯೂಟರಿನಲ್ಲಿ ಆ ಬೂದಿನ ಮೇಲೆ ಒತ್ತಿ ಇಡೀ ಸರಣಿಯ ವೈಟ್ ಬ್ಯಾಲೆನ್ಸ್ ಸರಿಪಡಿಸಬಹುದು. ಕಾರ್ಡು ಇಲ್ಲದಿದ್ದಾಗ ವರನ ಬಿಳಿ ಪಂಚೆಯ ಮೇಲೆ ಒತ್ತುವ ರೂಢಿ ಇದೆ, ಅದು ಹಲವು ಸಲ ಮೋಸ ಮಾಡುತ್ತದೆ. ಹೊಸ ಪಂಚೆಗೆ ಬೆಳ್ಳಗೆ ಕಾಣಲೆಂದು ಹಾಕಿರುವ ರಾಸಾಯನಿಕ ಹಗಲು ಬೆಳಕಿನಲ್ಲೂ ಫ್ಲ್ಯಾಶಿನಲ್ಲೂ ಇರುವ ಅತಿನೇರಳೆ ಕಿರಣವನ್ನು ನೀಲಿಯಾಗಿ ಬದಲಿಸಿ ಹೊರಸೂಸುತ್ತದೆ. ತಂತ್ರಾಂಶ ಆ ನೀಲಿಯನ್ನು ತೆಗೆಯಲು ಹೋಗಿ ಇಡೀ ಚಿತ್ರವನ್ನು ಹಳದಿಗೆ ತಳ್ಳುತ್ತದೆ. ಮಲ್ಲಿಗೆ ಹೂವೂ ನಿಜವಾದ ಬಿಳಿಯಲ್ಲ, ಅದರಲ್ಲಿ ತಿಳಿ ಹಳದಿ ಇರುತ್ತದೆ. ಅಕ್ಷತೆಗಂತೂ ಅರಿಶಿನವನ್ನೇ ಬೆರೆಸಿರುತ್ತಾರೆ.

ಸೀರೆಯ ಬಣ್ಣ

ಸೀರೆಯ ವಿಷಯದಲ್ಲಿ ಮನೆಯವರ ದೂರು ಸಾಮಾನ್ಯವಾಗಿ ಎರಡು. ‘ಬಣ್ಣವೇ ಬೇರೆ ಬಂದಿದೆ’ ಎನ್ನುವುದು ಒಂದು, ‘ಸೀರೆ ಚಪ್ಪಟೆಯಾಗಿದೆ’ ಎನ್ನುವುದು ಇನ್ನೊಂದು. ಮೊದಲನೆಯದರ ಕಾರಣ ಬಹುಮಟ್ಟಿಗೆ ವೈಟ್ ಬ್ಯಾಲೆನ್ಸ್. ಎರಡನೆಯದು ಕೆಂಪು, ರಾಣಿ ಪಿಂಕ್, ಮೆಜೆಂತಾ ಸೀರೆಗಳಲ್ಲಿ ಹೆಚ್ಚು, ಅದರ ಕಾರಣವೂ ಬೇರೆ. ಡಿಜಿಟಲ್ ಚಿತ್ರದ ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿದ್ದು, ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಪ್ರತಿಯೊಂದೂ 0ಯಿಂದ 255ರವರೆಗೆ ಇರುತ್ತದೆ. ಮುಖಕ್ಕೆ ಸರಿಯಾಗುವಷ್ಟು ಬೆಳಕು ಬಿಟ್ಟಾಗ ಕೆಂಪು ಸೀರೆಯ ಕೆಂಪು ಅಂಕಿ ಎಲ್ಲೆಲ್ಲೂ 255 ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ನೆರಿಗೆಯ ಏಣಿಗೂ ಇಳಿಜಾರಿಗೂ ಒಂದೇ ಅಂಕಿ ಬಂದ ಮೇಲೆ ನೆರಿಗೆ ಮಾಯವಾಗಿ, ಸೀರೆ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಹೀಗಾಗಿದೆಯೇ ಎಂದು ತಿಳಿಯಲು ಹಿಸ್ಟೋಗ್ರಾಮಿನಲ್ಲಿ ಮೂರು ಬಣ್ಣಗಳನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಟ್ಟು ಬೆಳಕಿನ ರೇಖೆ ಚೆನ್ನಾಗಿಯೇ ಇದ್ದು ಕೆಂಪೊಂದೇ ಬಲಗೋಡೆಗೆ ಒತ್ತಿಕೊಂಡಿರಬಹುದು. ಚಿತ್ರ ರಾ ಫೈಲಿನಲ್ಲಿದ್ದರೆ ಕೆಂಪಿಗೆ ಇನ್ನೂ ಸ್ವಲ್ಪ ಜಾಗ ಉಳಿದಿರುತ್ತದೆ. ಎಕ್ಸ್‌ಪೋಷರ್ ಅನ್ನು ಅರ್ಧ ಸ್ಟಾಪ್ ಇಳಿಸಿದರೆ ಜೆಪೆಗ್‌ನಲ್ಲಿ ಸತ್ತಂತಿದ್ದ ನೆರಿಗೆ ಮರಳಿ ಬರುತ್ತದೆ. ಬಣ್ಣ ಬರೀ ಮಂಕಾಗಿ ನೆರಿಗೆ ಬಾರದಿದ್ದರೆ ಕ್ಯಾಮೆರಾದ ಸೆನ್ಸರಿನಲ್ಲೇ ಕೆಂಪು ತುಂಬಿ ಹೋಗಿದೆ ಎಂದರ್ಥ. ಆಗಲೂ ಒಂದು ದಾರಿ ಉಂಟು. ಹಸಿರು ಅಂಕಿಗಳಲ್ಲಿ ನೆರಿಗೆಯ ಬೆಳಕು ನೆರಳು ಸಾಮಾನ್ಯವಾಗಿ ಉಳಿದಿರುತ್ತದೆ. ಹಸಿರು ಚಾನೆಲ್ಲನ್ನು ಕಪ್ಪುಬಿಳುಪು ಚಿತ್ರದಂತೆ ನಕಲಿಸಿ, `Luminosity` ವಿಧಾನದಲ್ಲಿ ಸೀರೆಯ ಮೇಲೆ ಮಾತ್ರ ತೆಳುವಾಗಿ ಹೊದಿಸಿದರೆ ಬಣ್ಣ ಬದಲಾಗದೆ ನೆರಿಗೆ ಏಳುತ್ತದೆ.

ರಾಣಿ ಪಿಂಕ್, ನವಿಲು ನೀಲಿ, ರಾಮಾ ಗ್ರೀನ್‌ಗಳಂತಹ ಕೆಲವು ಗಾಢ ಬಣ್ಣಗಳು ಲ್ಯಾಬ್‌ಗಳು ಕೇಳುವ `sRGB` ಬಣ್ಣವ್ಯಾಪ್ತಿಯ ಆಚೆಗೇ ಹೋಗಬಲ್ಲವು. ಅಂಗಡಿಯಲ್ಲಿ ಕಂಡ ಅದೇ ತೀವ್ರತೆಯನ್ನು ಕಾಗದದ ಮೇಲೆ ತರಲು ಸ್ಯಾಚುರೇಶನ್ ಏರಿಸುತ್ತಾ ಹೋದರೆ ಬಣ್ಣ ಹೆಚ್ಚುವುದಿಲ್ಲ, ನೆರಿಗೆಯ ವಿವರ ಮಾತ್ರ ಕರಗುತ್ತದೆ. ಸ್ಯಾಚುರೇಶನ್ ಅನ್ನು ತುಸು ಇಳಿಸಿ ಏಣು ಮತ್ತು ಆಳಗಳ ಅಂತರ ಹೆಚ್ಚಿಸಿದರೆ ಅದೇ ಸೀರೆ ಕಣ್ಣಿಗೆ ಹೆಚ್ಚು ತುಂಬಿಕೊಂಡಂತೆ ಕಾಣುತ್ತದೆ, ಏಕೆಂದರೆ ಕಣ್ಣು ರೇಷ್ಮೆಯನ್ನು ಗುರುತಿಸುವುದು ಬೆಳಕು ನೆರಳಿನ ಜಿಗಿತದಿಂದ.

ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ‘ಡಬಲ್ ಶೇಡ್’ ಸೀರೆಗಳಿಗೆ ಪ್ರತ್ಯೇಕ ಎಚ್ಚರ ಬೇಕು. ಹಸಿರು ಹಾಸು, ಕೆನ್ನೇರಳೆ ಹೊಕ್ಕು ಇರುವ ಸೀರೆಯಲ್ಲಿ ನೆರಿಗೆ ತಿರುಗಿದತ್ತ ಒಂದು ಬಣ್ಣ ಮುಂದಾಗುತ್ತದೆ, ಇನ್ನೊಂದು ಹಿಂದೆ ಸರಿಯುತ್ತದೆ. ತಿದ್ದುವವರು ಇದನ್ನು ಬೆಳಕಿನ ದೋಷವೆಂದು ತಿಳಿದು `Hue/Saturation` ಬಳಸಿ ಇಡೀ ಸೀರೆಯನ್ನು ಒಂದೇ ಬಣ್ಣಕ್ಕೆ ಎಳೆದರೆ ಸೀರೆಯ ಗುಣವೇ ಹೋಗುತ್ತದೆ. ತಪ್ಪು ನಡೆದಿದೆಯೇ ಎಂದು ತಿಳಿಯುವುದು ಸುಲಭ: ಬೆಳಕಿನ ನೆರಿಗೆ, ನೆರಳಿನ ನೆರಿಗೆಗಳಲ್ಲಿ ಒಂದೇ ಬಣ್ಣದ ತಿಳಿ ಮತ್ತು ಗಾಢ ರೂಪ ಮಾತ್ರ ಇದ್ದರೆ ಎರಡನೇ ನೂಲು ಅಳಿಸಿಹೋಗಿದೆ. ತಿದ್ದಲೇಬೇಕಾದರೆ ಬೆಳಕಿನ ಭಾಗಕ್ಕೆ ಒಂದು ಮಾಸ್ಕ್, ನೆರಳಿನ ಭಾಗಕ್ಕೆ ಒಂದು ಮಾಸ್ಕ್ ಮಾಡಿ ಬೇರೆ ಬೇರೆಯಾಗಿ ತಿದ್ದಬೇಕು.

ಒತ್ತಾದ ನೇಯ್ಗೆಯ ಸೀರೆಗಳಲ್ಲಿ ಕೆಲವೊಮ್ಮೆ ಇಲ್ಲದ ಬಣ್ಣದ ಅಲೆಗಳು ಕಾಣಿಸಿಕೊಳ್ಳುತ್ತವೆ. ನೇಯ್ಗೆಯ ಗೆರೆಗಳೂ ಸೆನ್ಸರಿನ ಬಿಂದುಗಳ ಸಾಲೂ ಒಂದಕ್ಕೊಂದು ಅಡ್ಡಬಂದಾಗ ಹುಟ್ಟುವ ಇದಕ್ಕೆ ಮಾರೆ ಎಂದು ಹೆಸರು. ಮೊದಲು ಚಿತ್ರವನ್ನು ಶೇ 100 ಗಾತ್ರಕ್ಕೆ ಹಿಗ್ಗಿಸಿ ನೋಡಬೇಕು. ಪರದೆಯಲ್ಲಿ ಚಿತ್ರ ಕುಗ್ಗಿದಾಗ ಮಾತ್ರ ಕಾಣುವ ಅಲೆಗಳು ಫೈಲಿನಲ್ಲಿ ಇರುವುದಿಲ್ಲ. ನಿಜವಾಗಿ ಇದ್ದರೆ ಆ ಭಾಗದ ಮೇಲಷ್ಟೇ ಮಾರೆ ತಗ್ಗಿಸುವ ಬ್ರಷ್ ಆಡಿಸಬೇಕು. ಇಡೀ ಸೀರೆಗೆ ಅದನ್ನು ಹಾಕಿದರೆ ಅಂಚಿನ ಸಣ್ಣ ಬುಟ್ಟಾಗಳ ಬಣ್ಣ ತೊಳೆದುಹೋಗುತ್ತದೆ.

ಒಡವೆಯ ಮಿನುಗು

ಜುಮುಕಿ, ಬೈತಲೆಬೊಟ್ಟು, ವಂಕಿ, ಡಾಬು, ಕಾಸಿನ ಸರಗಳಲ್ಲಿ ಸಾವಿರಾರು ಸಣ್ಣ ಮುಖಗಳಿರುತ್ತವೆ. ಫ್ಲ್ಯಾಶ್ ನೇರವಾಗಿ ಬಿದ್ದ ಮುಖಗಳು ಬರೀ ಬಿಳಿ ಚುಕ್ಕೆಗಳಾಗಿ ಚಿನ್ನದ ಬಣ್ಣ ಕಳೆದುಕೊಳ್ಳುತ್ತವೆ. ಇಲ್ಲಿ ಮಾಡಬೇಕಾದ್ದು ಚುಕ್ಕೆಯನ್ನು ಅಳಿಸುವುದಲ್ಲ, ಅದಕ್ಕೆ ಬಣ್ಣ ಮರಳಿಸುವುದು. ಹೊಸ ಪದರವನ್ನು `Color` ವಿಧಾನಕ್ಕೆ ಹೊಂದಿಸಿ, ಅದೇ ಒಡವೆಯ ತಿಳಿ ಹಳದಿಯನ್ನು ಎತ್ತಿಕೊಂಡು ಚುಕ್ಕೆಯ ಅಂಚಿಗೆ ಹಚ್ಚುತ್ತಾರೆ. ಪೂರ್ತಿ ಬಿಳಿಯಾದ ಬಿಂದು `Color` ವಿಧಾನದಲ್ಲಿ ಬಣ್ಣ ಹಿಡಿಯುವುದಿಲ್ಲ, ಆದ್ದರಿಂದ ಮೊದಲು ಅದನ್ನು ತುಸು ಇಳಿಸಿಕೊಳ್ಳಬೇಕು. ಚುಕ್ಕೆಯ ನಟ್ಟನಡುವೆ ಒಂದೆರಡು ಬಿಂದು ಬಿಳಿಯಾಗಿ ಉಳಿದರೆ ಒಳ್ಳೆಯದೇ, ಮಿನುಗೆಂದು ಕಣ್ಣಿಗೆ ತಿಳಿಯುವುದು ಅದರಿಂದಲೇ.

ಮಂಕಾದ ಒಡವೆಗೆ ಹೊಳಪು ತರಲು ಹಳದಿ ಏರಿಸುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ 22 ಕ್ಯಾರೆಟ್ ಚಿನ್ನವೂ ಬಣ್ಣ ಬಳಿದ ಪ್ಲಾಸ್ಟಿಕ್‌ನಂತಾಗುತ್ತದೆ. ಲೋಹದ ಭಾವ ಹುಟ್ಟುವುದು ಬೆಳಕಿನ ಪಕ್ಕದ ಕಪ್ಪಿನಿಂದ. ಆದ್ದರಿಂದ ಬೆಳಕಿನ ಗೆರೆಗಳನ್ನು ಶೇ 5ರಿಂದ 10ರ ಬಲದಲ್ಲಿ ತುಸು ತಿಳಿಗೊಳಿಸಿ, ಪಕ್ಕದ ಕಪ್ಪು ಗೆರೆಗಳನ್ನು ಅಷ್ಟೇ ಬಲದಲ್ಲಿ ಗಾಢಗೊಳಿಸುತ್ತಾರೆ. ಬಣ್ಣವನ್ನು ಮುಟ್ಟುವುದೇ ಬೇಡ. ಬಿಳಿ ಕಲ್ಲು, ಕೆಂಪು ಕಲ್ಲುಗಳಿಗೆ ಲೋಹದ ನಿಯಮ ಅನ್ವಯಿಸುವುದಿಲ್ಲ. ಅವುಗಳ ಮೇಲ್ಮೈ ಮಿನುಗು ಗಾಜಿನಂತೆ ದೀಪದ ಬಣ್ಣದ್ದೇ ಆಗಿರುವುದರಿಂದ ಅದನ್ನು ಬಿಳಿಯಾಗಿಯೇ ಬಿಡಬೇಕು. ಹಳದಿ ಹಚ್ಚಿದರೆ ಕಲ್ಲು ಕೊಳೆಯಾದಂತೆ ಕಾಣುತ್ತದೆ.

ಚಿನ್ನ ಸುತ್ತಲಿನ ಬಣ್ಣಗಳನ್ನೂ ಹಿಡಿದಿರುತ್ತದೆ. ರಾಣಿ ಪಿಂಕ್ ಸೀರೆಯ ಮೇಲೆ ಇಳಿಬಿದ್ದ ಸರದ ಕೆಳಭಾಗದಲ್ಲಿ ಗುಲಾಬಿ ಛಾಯೆ, ಹಸಿರು ಗಾಜಿನ ಬಳೆಗಳ ನಡುವಿನ ಚಿನ್ನದ ಬಳೆಯಲ್ಲಿ ಹಸಿರು ಗೆರೆ ಇರುವುದು ಸಹಜ. ಸೀರೆಯ ಬಣ್ಣವನ್ನು ತಿದ್ದಿ ಈ ಪ್ರತಿಬಿಂಬಗಳನ್ನು ಹಾಗೇ ಬಿಟ್ಟರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಚಿತ್ರ ಸುಳ್ಳೆನಿಸುತ್ತದೆ. ಸೀರೆ ತಿದ್ದಿದ ಮೇಲೆ ಒಡವೆಯ ಕೆಳ ಅಂಚನ್ನೂ ವಧುವಿನ ಗದ್ದದ ಕೆಳಭಾಗವನ್ನೂ ಹಿಗ್ಗಿಸಿ ನೋಡುವುದು ಅದಕ್ಕೇ.

ಬೆವರಿನ ಹೊಳಪು

ಬೆವರಿನ ಜಾಗವನ್ನು ಬರೀ ಕಪ್ಪಾಗಿಸಿದರೆ ಕೆಲಸವಾಗುವುದಿಲ್ಲ. ಹೊಳಪಿನ ಬೆಳಕು ಚರ್ಮದ ಬಣ್ಣ ಹೊತ್ತಿಲ್ಲವಾದ್ದರಿಂದ ಅದನ್ನು ಇಳಿಸಿದಾಗ ಬಿಳಿ ಬೂದು ಬಣ್ಣವಾಗುತ್ತದೆ. ಹಣೆಯ ಮೇಲೆ ವಿಭೂತಿ ಒರೆಸಿದಂತಹ ಬೂದು ಮಚ್ಚೆ ಕಂಡರೆ `Highlights` ಸ್ಲೈಡರನ್ನೇ ನಂಬಿ ಹೊಳಪು ತೆಗೆದಿದ್ದಾರೆ ಎಂದು ಹೇಳಬಹುದು. ಚರ್ಮ ಕಪ್ಪಿರಲಿ, ಎಣ್ಣೆಗೆಂಪಿರಲಿ, ಬೆಳ್ಳಗಿರಲಿ, ಸಹಜ ಬೆಳಕಿನಲ್ಲಿ ಅದರ ಕೆಂಪು ಅಂಕಿ ಹಸಿರಿಗಿಂತ ಹೆಚ್ಚು, ಹಸಿರು ನೀಲಿಗಿಂತ ಹೆಚ್ಚು. ಮೂರೂ ಹತ್ತಿರ ಹತ್ತಿರ ಬಂದ ಕಡೆ ಚರ್ಮದ ಬಣ್ಣ ಇಲ್ಲವೆಂದೇ ಅರ್ಥ.

ಸರಿಯಾದ ಕ್ರಮ ಹೀಗೆ. ಖಾಲಿ ಪದರವೊಂದನ್ನು ತೆಗೆದುಕೊಂಡು ಆ ಪದರವನ್ನು `Darken` ವಿಧಾನಕ್ಕೆ ಹಾಕಬೇಕು. ಹೊಳಪಿನ ಪಕ್ಕದ, ಹೊಳೆಯದ ಚರ್ಮದಿಂದ ಬಣ್ಣ ಎತ್ತಿಕೊಂಡು ಶೇ 5ರಿಂದ 10ರ ಹರಿವಿನಲ್ಲಿ ಬ್ರಷ್ಷನ್ನು ಹಲವು ಸಲ ಮೆಲ್ಲಗೆ ಆಡಿಸಬೇಕು. `Darken` ವಿಧಾನ ಹಚ್ಚಿದ ಬಣ್ಣಕ್ಕಿಂತ ತಿಳಿಯಾದ ಬಿಂದುಗಳನ್ನು ಮಾತ್ರ ಮುಟ್ಟುವುದರಿಂದ ಚರ್ಮದ ರಂಧ್ರಗಳ ನೆರಳು, ಹುಬ್ಬಿನ ಕೂದಲು, ಕುಂಕುಮ ಹಾಗೇ ಉಳಿಯುತ್ತವೆ. ಹೊಳಪು ಅರ್ಧಕ್ಕೆ ಇಳಿದಾಗ ನಿಲ್ಲಿಸಬೇಕು. ಹಣೆಯ ಉಬ್ಬು, ಮೂಗಿನ ಏಣು, ಕೆನ್ನೆಯ ತಿರುವುಗಳನ್ನು ಕಣ್ಣಿಗೆ ಹೇಳುವುದೇ ಈ ಹೊಳಪು. ಪೂರ್ತಿ ತೆಗೆದರೆ ಮುಖ ಚಪ್ಪಟೆಯಾಗುತ್ತದೆ. ಎಲ್ಲ ಅಂಕಿಗಳೂ 255 ಮುಟ್ಟಿ ರಂಧ್ರಗಳೂ ಮಾಯವಾದ ಜಾಗಕ್ಕೆ ಮಾತ್ರ `Healing Brush` ಬೇಕಾಗುತ್ತದೆ. ಅದಕ್ಕೆ ನವಿರನ್ನು ಅದೇ ಹಣೆಯಿಂದಲೇ ತರಬೇಕು, ಏಕೆಂದರೆ ಕೆನ್ನೆಯ ಚರ್ಮದ ರಂಧ್ರಗಳ ಗಾತ್ರ ಬೇರೆ. ಹನಿಗಟ್ಟಿದ ಬೆವರಾದರೆ ಪ್ರತಿ ಹನಿಗೂ ಒಂದು ಬಿಳಿ ಚುಕ್ಕೆ, ಒಂದು ಸಣ್ಣ ನೆರಳು ಇರುತ್ತದೆ. ಎರಡನ್ನೂ ತೆಗೆಯದಿದ್ದರೆ ನೆರಳು ಮೊಡವೆಯಂತೆ ಉಳಿದುಬಿಡುತ್ತದೆ.

ಸ್ವಯಂಚಾಲಿತ ನುಣುಪು ಸಾಧನಗಳು ಇಲ್ಲಿನ ಮದುವೆಯ ಗುರುತುಗಳನ್ನು ಅರಿಯವು. ವಧೂವರರ ಕೆನ್ನೆಯ ದೃಷ್ಟಿಬೊಟ್ಟನ್ನು ಅವು ಮಚ್ಚೆಯೆಂದು ಅಳಿಸುತ್ತವೆ. ಅರಿಶಿನ ಹಚ್ಚಿದ ಮುಖದ ಹಳದಿಯನ್ನು ಬೆಳಕಿನ ದೋಷವೆಂದು ತೊಳೆಯುತ್ತವೆ. ಅರಿಶಿನ ಶಾಸ್ತ್ರದ ಚಿತ್ರಗಳನ್ನು ಮುಹೂರ್ತದ ಚಿತ್ರಗಳ ಜೊತೆ ಸೇರಿಸಿ ಒಂದೇ ಬಣ್ಣಕ್ಕೆ ತರದೆ ಬೇರೆಯಾಗಿಯೇ ತಿದ್ದುವುದು ಸರಿಯಾದ ಕ್ರಮ.

ಒಂದು ಚಿತ್ರದ ತಿದ್ದುಪಡಿ

ಮಾಂಗಲ್ಯಧಾರಣೆಯ ಒಂದು ಮಾದರಿ ಚಿತ್ರವನ್ನು ತೆಗೆದುಕೊಳ್ಳೋಣ. ವಧುವಿಗೆ ಹಸಿರು ಅಂಚಿನ ರಾಣಿ ಪಿಂಕ್ ಧಾರೆ ಸೀರೆ, ವರನಿಗೆ ಬಿಳಿ ಪಂಚೆ. ಫ್ಲ್ಯಾಶನ್ನು ಕೆನೆ ಬಣ್ಣದ ಮಾಳಿಗೆಗೆ ಹೊಡೆದು ಹಿಂದಿರುಗಿಸಲಾಗಿದೆ, ಬಲಗಡೆ ವಿಡಿಯೋ ದೀಪ ಇದೆ. ಚಿತ್ರ ರಾ ಫೈಲಿನಲ್ಲಿದೆ. ಸ್ವಲ್ಪ ಮೊದಲು ತೆಗೆದ ಬೂದು ಕಾರ್ಡಿನ ಅಂಕಿಗಳು ಕೆಂಪು 168, ಹಸಿರು 150, ನೀಲಿ 131. ಮೂರೂ ಸಮನಾಗಿರಬೇಕಿತ್ತು, ಕೆಂಪು ಹೆಚ್ಚಿ ನೀಲಿ ಕುಗ್ಗಿರುವುದು ಮಾಳಿಗೆಯ ಕೆನೆ ಬಣ್ಣದಿಂದ. ಕಾರ್ಡಿನ ಮೇಲೆ ಒತ್ತಿ ಮೂರನ್ನೂ 150ರ ಸುತ್ತ ತಂದಾಗ ಪಂಚೆ ಕೆಂಪು 236, ಹಸಿರು 238, ನೀಲಿ 246 ತೋರಿಸುತ್ತದೆ. ಆ ತುಸು ನೀಲಿ ಪಂಚೆಯದೇ ಗುಣ, ಅದನ್ನು ಹಾಗೇ ಬಿಡಬೇಕು.

ಸೀರೆಯ ಏಣುಗಳಲ್ಲಿ ಕೆಂಪು 255 ಮುಟ್ಟಿದೆ. ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿದಾಗ ಅದು 220ರ ಆಸುಪಾಸಿಗೆ ಬಂದು ನೆರಿಗೆ ಮೂಡುತ್ತದೆ. ಇದರಿಂದ ಮುಖಗಳು ಕಪ್ಪಾಗುತ್ತವೆ; ಅವುಗಳಿಗೆ ಮಾತ್ರ ಮಾಸ್ಕ್ ಹಾಕಿ ಅಷ್ಟೇ ಬೆಳಕನ್ನು ಮರಳಿಸಬೇಕು. ಆಮೇಲೆ ಸೀರೆಯ ಸ್ಯಾಚುರೇಶನ್ ತುಸು ಇಳಿಸಿ ನೆರಿಗೆಯ ಆಳವನ್ನು ಗಾಢಗೊಳಿಸಬೇಕು. ಮನೆಯವರು ಸೀರೆಯನ್ನು ಸ್ಟುಡಿಯೋಗೆ ತಂದಿದ್ದರೆ ಕಿಟಕಿಯ ಪಕ್ಕದ ನೆರಳು ಬೆಳಕಿನಲ್ಲಿ ಸೆರಗನ್ನು ಹಿಡಿದು ಪರದೆಯೊಡನೆ ಹೋಲಿಸಬಹುದು. ಟ್ಯೂಬ್‌ಲೈಟಿನ ಕೆಳಗೆ ಹೋಲಿಸಿದರೆ ಅದೇ ಸೀರೆ ಬೇರೆ ಬಣ್ಣ ತೋರಿಸೀತು.

ಇನ್ನು ಮಿನುಗು. ಜುಮುಕಿಯ ಒಂದು ಮುಖ 255, 255, 252 ಆಗಿ ಬೆಳ್ಳಿಯಂತೆ ಕಾಣುತ್ತಿದೆ. ಅದನ್ನು 255, 240, 196ರ ಸುತ್ತಿನ ತಿಳಿ ಹಳದಿಗೆ ತಂದು ನಡುವೆ ಒಂದು ಬಿಳಿ ಬಿಂದು ಬಿಡಬೇಕು. ವಧುವಿನ ಹಣೆಯ ಹೊಳಪು 250, 244, 236. ಪಕ್ಕದ ಚರ್ಮ 196, 146, 118. ಹೊಳಪನ್ನು ಪಕ್ಕದ ಚರ್ಮದಷ್ಟೇ ಮಾಡದೆ 222, 178, 150ರ ಬಳಿ ನಿಲ್ಲಿಸಬೇಕು. ಆಗ ಹಣೆ ಉಬ್ಬಿಯೇ ಕಾಣುತ್ತದೆ, ಹೊಳಪಿಗೂ ಚರ್ಮದ ಬಣ್ಣ ಬಂದಿರುತ್ತದೆ. ಎರಡೂ ಹೊಳಪು ಮೊದಲು ಹೆಚ್ಚು ಕಡಿಮೆ ಒಂದೇ ಬಿಳಿಯಾಗಿದ್ದವು, ಒಂದು ಹಳದಿಗೆ ಹೋಗಿ ಹಾಗೇ ಬೆಳಗಿತು, ಇನ್ನೊಂದು ಚರ್ಮದ ಬಣ್ಣ ಪಡೆದು ಇಳಿಯಿತು. ಕೊನೆಗೆ ಇಡೀ ಚಿತ್ರವನ್ನು ಅಂಗೈಯಷ್ಟು ಸಣ್ಣದಾಗಿಸಿ ನೋಡಬೇಕು. ಮೊದಲು ಕಣ್ಣಿಗೆ ಬೀಳುವುದು ಮಾಂಗಲ್ಯ ಮತ್ತು ಮುಖಗಳಾಗಿದ್ದರೆ ತಿದ್ದುಪಡಿ ಹದವಾಗಿದೆ. ಸೀರೆಯೇ ಮೊದಲು ಹೊಡೆದರೆ ಅದನ್ನು ಇನ್ನಷ್ಟು ಇಳಿಸಬೇಕು.

ಮುದ್ರಣ

ಮದುವೆ ಆಲ್ಬಮ್‌ಗಳಲ್ಲಿ 12×36 ಇಂಚಿನ ಹಾಳೆ ಬಹಳ ಬಳಕೆಯಲ್ಲಿದೆ. ಇಂಚಿಗೆ 300 ಬಿಂದುಗಳಂತೆ ಅದಕ್ಕೆ 3600×10800 ಬಿಂದುಗಳು ಬೇಕು. ಪರದೆಯಲ್ಲಿ ಕಾಣದಿದ್ದ ಬ್ರಷ್ಷಿನ ಗುರುತು, ಬೂದು ಮಚ್ಚೆಗಳು ಇಷ್ಟು ದೊಡ್ಡ ಹಾಳೆಯಲ್ಲಿ ಬಯಲಾಗುತ್ತವೆ. ಮುದ್ರಣ ಕಪ್ಪಾಗಿ ಬಂದಿತೆಂಬ ದೂರಿಗೆ ಹಲವು ಸಲ ಕಾರಣ ಲ್ಯಾಬ್ ಅಲ್ಲ, ಅತಿ ಬೆಳಕಿಗೆ ಇಟ್ಟ ಮಾನಿಟರ್. ಮಾನಿಟರನ್ನು ಪ್ರತಿ ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾಗೆ ಇಳಿಸಿ ಕ್ಯಾಲಿಬ್ರೇಟ್ ಮಾಡಿದರೆ ಪರದೆ ಮತ್ತು ಕಾಗದದ ಅಂತರ ತಗ್ಗುತ್ತದೆ. ಮ್ಯಾಟ್ ಲ್ಯಾಮಿನೇಶನ್ ಕಪ್ಪನ್ನು ತಿಳಿಯಾಗಿಸುವುದರಿಂದ ಒಡವೆಯ ಮಿನುಗನ್ನೂ ಮಂಕಾಗಿಸುತ್ತದೆ. ಗ್ಲಾಸಿ ಹಾಳೆ ಅದನ್ನು ಉಳಿಸಿದರೂ ಬೆವರಿನ ಉಳಿದ ಹೊಳಪನ್ನೂ ಎತ್ತಿ ತೋರಿಸುತ್ತದೆ. ಆದ್ದರಿಂದ ಹಾಳೆಯ ಬಗೆ ತೀರ್ಮಾನವಾದ ಮೇಲೆಯೇ ಕೊನೆಯ ತಿದ್ದುಪಡಿ ಮಾಡಿ, ಸೀರೆ, ಒಡವೆ, ಮುಖ ಮೂರೂ ಇರುವ ಒಂದು ಚಿತ್ರವನ್ನು ಪರೀಕ್ಷೆಗೆ ಮುದ್ರಿಸಿ ನೋಡುವುದು ಒಳ್ಳೆಯದು.

ಮಿತಿಗಳು

ಹೊಳಪು ತೆಗೆಯುವುದು ಬೇರೆ, ಮೈಬಣ್ಣ ಬದಲಿಸುವುದು ಬೇರೆ. ‘ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ಮಾಡಿ’ ಎಂಬ ಬೇಡಿಕೆಗೆ ಒಪ್ಪಿ ಮುಖವನ್ನಷ್ಟೇ ತಿಳಿಯಾಗಿಸಿದರೆ ಕೈ, ಕುತ್ತಿಗೆ, ಪಕ್ಕದಲ್ಲಿ ನಿಂತ ತಾಯಿಯ ಮುಖ ಎಲ್ಲವೂ ಅದನ್ನು ಸುಳ್ಳೆಂದು ತೋರಿಸುತ್ತವೆ. ಆಕೆಯ ಮಕ್ಕಳು ಮುಂದೆ ಆ ಆಲ್ಬಮ್ ತೆರೆದಾಗ ನೋಡಬೇಕಾದದ್ದು ಆಕೆಯದೇ ಮುಖ. ಮೈಬಣ್ಣವನ್ನು ಇದ್ದಂತೆ ಉಳಿಸುವುದು, ಮಚ್ಚೆಯನ್ನು ಆಕೆಯೇ ಕೇಳದ ಹೊರತು ತೆಗೆಯದಿರುವುದು, ತಿದ್ದದ ಮೂಲ ಫೈಲನ್ನು ಜೋಪಾನ ಮಾಡುವುದು ಈ ಕೆಲಸದ ಪ್ರಾಮಾಣಿಕತೆಗೆ ಸೇರಿದ ವಿಷಯಗಳು.

ತಾಂತ್ರಿಕ ಮಿತಿಯೂ ಇದೆ. ವೇದಿಕೆಯ ನೇರಳೆ ದೀಪವೊಂದೇ ಬಿದ್ದ ಮುಖದಲ್ಲಿ ಹಸಿರು ಬೆಳಕಿನ ಮಾಹಿತಿ ಹೆಚ್ಚುಕಡಿಮೆ ಇರುವುದಿಲ್ಲ, ಇಲ್ಲದ್ದನ್ನು ತಂತ್ರಾಂಶ ಮರಳಿಸಲಾರದು. ಅಂತಹ ಚಿತ್ರವನ್ನು ಕಪ್ಪುಬಿಳುಪಾಗಿಸುವುದೇ ಮೇಲು. ಪೋಲರೈಸರ್ ಫಿಲ್ಟರ್ ಬೆವರಿನ ಹೊಳಪನ್ನು ಸೂಕ್ತ ಕೋನದಲ್ಲಿ ತಗ್ಗಿಸಿ ಚಿನ್ನದ ಮಿನುಗನ್ನು ಬಹುಪಾಲು ಉಳಿಸುತ್ತದೆ, ಏಕೆಂದರೆ ನೀರಿನಿಂದ ಹಿಂದಿರುಗುವ ಬೆಳಕಿನಂತೆ ಲೋಹದ್ದು ಧ್ರುವೀಕರಣಗೊಳ್ಳುವುದಿಲ್ಲ. ಆದರೆ ಅದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುವುದರಿಂದ ಛತ್ರದೊಳಗೆ ಬಳಸುವುದು ಕಷ್ಟ, ಹೊರಾಂಗಣದ ಚಿತ್ರಗಳಿಗೆ ಅನುಕೂಲ. ಒಳಗೆ ಉಪಯೋಗಕ್ಕೆ ಬರುವ ಉಪಾಯಗಳು ಸರಳ: ಫ್ಲ್ಯಾಶನ್ನು ನೇರ ಮುಖಕ್ಕೆ ಹೊಡೆಯದೆ ಮಾಳಿಗೆಗೋ ಬಿಳಿ ಗೋಡೆಗೋ ತಿರುಗಿಸುವುದು, ಕೆಂಪು ಸೀರೆಯಿದ್ದರೆ ಅರ್ಧ ಸ್ಟಾಪ್ ಕಡಿಮೆ ಬೆಳಕಿನಲ್ಲಿ ರಾ ಫೈಲ್ ತೆಗೆಯುವುದು, ಧಾರೆಗೆ ಮೊದಲು ವಧೂವರರ ಹಣೆಯನ್ನು ಹತ್ತಿಯ ಕರವಸ್ತ್ರದಿಂದ ಉಜ್ಜದೆ ಒತ್ತಿ ಒರೆಸುವಂತೆ ಪಕ್ಕದವರಿಗೆ ಹೇಳುವುದು. ಉಜ್ಜಿದರೆ ಕುಂಕುಮ ಹರಡುತ್ತದೆ, ಹರಡಿದ ಕುಂಕುಮವನ್ನು ಪ್ರತಿ ಚಿತ್ರದಲ್ಲೂ ಬೇರೆ ಬೇರೆಯಾಗಿ ತಿದ್ದಬೇಕಾಗುತ್ತದೆ.